ಕರಿಬೇವಿನ ಎಲೆಯ ಮೇಲಿನ ಮಸಿ: ನಿಂಬೆಗಿಡದಿಂದ ತೊಟ್ಟಿಕ್ಕಿದ್ದು

ಪುಣೆಯ ಕೋಥರೂಡಿನಲ್ಲಿ ನಾವಿರುವುದು ನಾಲ್ಕನೆಯ ಮಹಡಿಯಲ್ಲಿ, ಬಾಲ್ಕನಿ ಪೂರ್ವಕ್ಕಿದೆ. ಅಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ 16 ಇಂಚಿನ ಕುಂಡದಲ್ಲಿ ಒಂದು ನಿಂಬೆಗಿಡವೂ, ಅದರ ಕೊಂಬೆಗಳ ನೇರ ಕೆಳಗೆ ನೆಲದ ಮೇಲೆ 14 ಇಂಚಿನ ಕುಂಡದಲ್ಲಿ ಮೂರಡಿ ಎತ್ತರದ ಕರಿಬೇವಿನ ಗಿಡವೂ ಇವೆ. ಇವೆರಡೂ ಹೀಗೆ ಒಂದರ ಕೆಳಗೊಂದು ಇರುವುದಕ್ಕೆ ಜಾಗದ ಅಭಾವದ ಹೊರತು ಬೇರೆ ಕಾರಣವಿಲ್ಲ. ಆದರೆ ಮುಂದಿನ ಎರಡು ತಿಂಗಳ ಕೆಲಸಕ್ಕೆಲ್ಲ ಈ ಜೋಡಣೆಯೇ ಮೂಲವಾದುದರಿಂದ ಅದನ್ನು ಮೊದಲೇ ಹೇಳಿದ್ದೇನೆ.

ಜನವರಿ 11

ಒಗ್ಗರಣೆಗೆಂದು ಕರಿಬೇವು ಕೀಳಲು ಹೋದಾಗ ಎಲೆಗಳ ಮೇಲ್ಮೈ ಕಪ್ಪಾಗಿರುವುದು ಕಂಡಿತು. ಎದುರಿನ ರಸ್ತೆಯಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದುದರಿಂದಲೂ, ವಾಹನಗಳ ಹೊಗೆ ನಮ್ಮ ಬಾಲ್ಕನಿಗೆ ಹೊಸದಲ್ಲವಾದುದರಿಂದಲೂ, ಇದು ಧೂಳು ಮತ್ತು ಹೊಗೆಯ ಮಸಿಯೆಂದು ತಿಳಿದು ಒಂದು ಮಗ್ಗು ನೀರು ಸುರಿದು ಒಳಗೆ ಬಂದೆ. ಮರುದಿನ ಎಲೆ ಒಣಗಿದ ಮೇಲೆ ನೋಡಿದರೆ ಕಪ್ಪು ಹಾಗೆಯೇ ಇತ್ತು. ಒದ್ದೆ ಬೆರಳಿನಿಂದ ಒಂದು ಎಲೆಯನ್ನು ಉಜ್ಜಿದಾಗ ಬೆರಳಿಗೆ ಕಾಡಿಗೆಯಂತಹ ಕಪ್ಪು ಹತ್ತಿತು ಮತ್ತು ಅದರ ಕೆಳಗೆ ಹಸಿರು ಚರ್ಮ ಯಾವ ಗಾಯವೂ ಇಲ್ಲದೆ ಕಾಣಿಸಿತು. ಎಲೆ ಸ್ವಲ್ಪ ಅಂಟಂಟಾಗಿತ್ತು. ಇನ್ನೂ ಒಂದು ಗುರುತಿತ್ತು: ಎಲೆಗಳ ಮೇಲೆ ಅಲ್ಲಲ್ಲಿ ಎಳ್ಳಿಗಿಂತ ಚಿಕ್ಕದಾದ, ಹಗುರವಾದ ಬಿಳಿ ಸಿಪ್ಪೆಗಳು ಅಂಟಿಕೊಂಡಿದ್ದವು. ಅವನ್ನು ಸಿಮೆಂಟಿನ ಪುಡಿಯೆಂದುಕೊಂಡೆ.

ಈ ಮೂರು ಗುರುತುಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರೆ ಅಂದೇ ಉತ್ತರ ಸಿಗುತ್ತಿತ್ತು. ರಸ್ತೆಯ ಧೂಳು ಬೂದುಬಣ್ಣದ್ದು, ಬೆರಳಿಗೆ ಮರಳುಮರಳಾಗಿ ಹತ್ತುತ್ತದೆ, ಬಾಲ್ಕನಿಯ ಎಲ್ಲ ಗಿಡಗಳ ಮೇಲೂ ಒಂದೇ ಸಮನಾಗಿ ಕೂರುತ್ತದೆ. ನನ್ನ ಕಪ್ಪು ಮಾತ್ರ ಕರಿಬೇವಿನ ಮೇಲೂ ನಿಂಬೆಯ ಕೆಳಗಿನ ಎಲೆಗಳ ಮೇಲೂ ಇತ್ತು. ಎರಡು ಅಡಿ ಆಚೆಗಿದ್ದ ತುಳಸಿಯ ಮೇಲೆ ಇರಲಿಲ್ಲ.

ಜನವರಿ 12ರಿಂದ 20: ಮೊದಲನೆಯ ತಪ್ಪು

ಹತ್ತಿರದ ನರ್ಸರಿಗೆ ಒಂದು ಎಲೆಯನ್ನು ಒಯ್ದು ತೋರಿಸಿದೆ. ಅಂಗಡಿಯ ಹುಡುಗ ಅದನ್ನು ನೋಡಿ, ಬೂಷ್ಟು ಹಿಡಿದಿದೆ ಎಂದು ಹೇಳಿ ತಾಮ್ರದ ಶಿಲೀಂಧ್ರನಾಶಕದ ಪುಡಿಯ ಒಂದು ಪೊಟ್ಟಣವನ್ನು ₹210ಕ್ಕೆ ಕೊಟ್ಟ. ಬೂಷ್ಟೆಂಬುದು ನಿಜವೇ ಆಗಿತ್ತು; ಔಷಧಿ ಮಾತ್ರ ತಪ್ಪಾಗಿತ್ತು. ಲೀಟರಿಗೆ 3 ಗ್ರಾಂನಂತೆ ಕಲಸಿ ಕರಿಬೇವಿಗೆ ಸಿಂಪಡಿಸಿದೆ. ಎಂಟು ದಿನಗಳ ನಂತರ ಎಲೆಗಳ ಮೇಲೆ ಕಪ್ಪೂ ಇತ್ತು, ಅದರ ಮೇಲೆ ತಿಳಿನೀಲಿಯ ಕಲೆಯೂ ಇತ್ತು.

ಏಕೆಂದು ಆಮೇಲೆ ತಿಳಿಯಿತು. ಈ ಬೂಷ್ಟಿನ ಕಪ್ಪು ಅದರ ಎಳೆಗಳ ಗೋಡೆಯಲ್ಲಿಯೇ ಇರುವ ಬಣ್ಣವಾದುದರಿಂದ, ಸತ್ತ ಬೂಷ್ಟೂ ಬದುಕಿರುವ ಬೂಷ್ಟಿನಷ್ಟೇ ಕಪ್ಪಾಗಿರುತ್ತದೆ ಮತ್ತು ಅಷ್ಟೇ ಗಟ್ಟಿಯಾಗಿ ಎಲೆಯ ಮೇಲೆ ಕುಳಿತಿರುತ್ತದೆ. ಅದು ಎಲೆಯೊಳಗೆ ಬೇರಿಳಿಸಿ ಗಿಡದ ರಸವನ್ನು ಹೀರುವ ರೋಗವಲ್ಲ. ಎಲೆಯ ಮೇಲೆ ಬಿದ್ದ ಸಕ್ಕರೆಯನ್ನು ತಿಂದು ಬೆಳೆಯುವ, ಎಲೆಯನ್ನು ತಟ್ಟೆಯಂತೆ ಮಾತ್ರ ಬಳಸಿಕೊಳ್ಳುವ ಬೂಷ್ಟು ಅದು. ಎಲೆಗೆ ಆಗುವ ಹಾನಿಯೆಂದರೆ ಬೆಳಕು ತಡೆಯಲ್ಪಡುವುದು. ಬಹಳ ದಿನ ಹಾಗೆಯೇ ಬಿಟ್ಟರೆ ಹಳೆಯ ಎಲೆಗಳು ಹಳದಿಯಾಗಿ ಉದುರುತ್ತವೆ.

ಈ ತಪ್ಪಿನ ನಿಜವಾದ ಬೆಲೆ ₹210 ಅಲ್ಲ. ತಾಮ್ರ ಸಿಂಪಡಿಸಿದ ಕರಿಬೇವನ್ನು ಅಡುಗೆಗೆ ಬಳಸಲು ಮನಸ್ಸು ಒಪ್ಪಲಿಲ್ಲವಾದುದರಿಂದ, ಆ ಎಲೆಗಳನ್ನೆಲ್ಲ ಬಿಟ್ಟು ಹೊಸ ಚಿಗುರು ಬಲಿಯುವವರೆಗೆ ಮಂಡಯಿ ಮಾರುಕಟ್ಟೆಯಿಂದ ಕರಿಬೇವನ್ನು ತರಬೇಕಾಯಿತು. ತಿನ್ನುವ ಗಿಡದ ಮೇಲೆ ಏನನ್ನೇ ಸಿಂಪಡಿಸುವ ಮೊದಲು ಎರಡು ದಿನ ಕಾದಿದ್ದರೆ ಇದು ತಪ್ಪುತ್ತಿತ್ತು.

ಜನವರಿ 21: ತಾಟಿನ ಪರೀಕ್ಷೆ

ಧಾರವಾಡದ ನಮ್ಮ ಕಾಕಾ ಅವರಿಗೆ ಆಪೂಸು ಮಾವಿನ ಸಣ್ಣ ತೋಟವಿದೆ. ಫೋನಿನಲ್ಲಿ ಬೇರೆ ಮಾತಿನ ನಡುವೆ ಎಲೆ ಕಪ್ಪಾದ ವಿಷಯ ಹೇಳಿದೆ. ಅವರು ಫೋಟೋ ಕೇಳಲಿಲ್ಲ. "ಆ ಗಿಡದ ಮ್ಯಾಲೆ ಏನೈತಿ?" ಎಂದು ಕೇಳಿದರು.

"ನಿಂಬಿಗಿಡ ಐತಿ ಕಾಕಾ."

"ಹಂಗಾದ್ರ ಕರಿಬೇವು ಬಿಡವ್ವಾ, ನಿಂಬಿ ನೋಡು. ಕುಸುಬಿ ಹೊಲದಾಗ ಹೇನು ಬಿದ್ದಾಗ ಎಲಿ ಎಣ್ಣಿ ಸವರಿದಂಗ ಮಿಂಚತಾವಲ್ಲ, ಅದ ಜಿಗಿ. ಜಿಗಿ ಬಿದ್ದಲ್ಲಿ ಮಸಿ ಹತ್ತತೈತಿ. ರಾತ್ರಿ ಗಿಡದ ಬುಡಕ ಒಂದು ತಾಟು ಇಟ್ಟು ಮುಂಜಾನೆ ನೋಡು."

ಹಾಗೆಯೇ ಒಂದು ಒಣಗಿದ ಸ್ಟೀಲಿನ ತಾಟನ್ನು ನಿಂಬೆಯ ಕೊಂಬೆಯ ಕೆಳಗೆ, ಕರಿಬೇವಿನ ಪಕ್ಕದಲ್ಲಿ ಒಂದು ಡಬ್ಬಿಯ ಮೇಲೆ ಇಟ್ಟೆ. ಬೆಳಿಗ್ಗೆ ತಾಟನ್ನು ಓರೆಯಾಗಿ ಬೆಳಕಿಗೆ ಹಿಡಿದಾಗ ಅದರ ಮೇಲೆ ಸಾಸಿವೆಗಿಂತ ಚಿಕ್ಕದಾದ, ಹೊಳೆಯುವ ಚುಕ್ಕೆಗಳು ನೂರಾರು ಕಂಡವು. ಬೆರಳಿಟ್ಟರೆ ಅಂಟುತ್ತಿದ್ದವು. ಇಬ್ಬನಿಯ ಗುರುತಾಗಿದ್ದರೆ ಬಿಸಿಲಿಗೆ ಆರಿಹೋಗಬೇಕಿತ್ತು. ಇವು ಹತ್ತು ಗಂಟೆಯ ಬಿಸಿಲಿನಲ್ಲಿಯೂ ಹಾಗೆಯೇ ಇದ್ದವು. ತಾಟಿನಲ್ಲಿ ಎರಡು ಬಿಳಿ ಸಿಪ್ಪೆಗಳೂ ಬಿದ್ದಿದ್ದವು.

ಈ ತಾಟು ಮುಂದೆ ಇಡೀ ಕೆಲಸದ ಅಳತೆಗೋಲಾಯಿತು. ಎಲೆಯ ಮೇಲಿನ ಕಪ್ಪು ಹಳೆಯದೋ ಹೊಸದೋ ಎಂದು ಕಣ್ಣಿಗೆ ಹೇಳಲಾಗದು, ಆದರೆ ನಿನ್ನೆ ರಾತ್ರಿ ಅಂಟು ಬಿದ್ದಿತೋ ಇಲ್ಲವೋ ಎಂಬುದನ್ನು ತಾಟು ಹೇಳುತ್ತದೆ.

ಜನವರಿ 22: ನಿಂಬೆಯ ತಪಾಸಣೆ

ನಿಂಬೆಯ ಚಿಗುರುಗಳ ತುದಿಯ ಎಲೆಗಳು ಒಳಕ್ಕೆ ಮುದುಡಿದ್ದವು. ಒಂದನ್ನು ಬಿಡಿಸಿ ನೋಡಿದರೆ ಅದರ ಹಿಂಬದಿಯಲ್ಲಿ ಕಂದುಗಪ್ಪು ಬಣ್ಣದ, ಗಸಗಸೆಯಿಂದ ಎಳ್ಳಿನವರೆಗಿನ ಗಾತ್ರದ ಹುಳುಗಳು ಒತ್ತೊತ್ತಾಗಿ ಕುಳಿತಿದ್ದವು. ಇವು ಗಿಡಹೇನುಗಳು. ನರ್ಸರಿಯಲ್ಲಿ ಮರಾಠಿಯಲ್ಲಿ ಇದಕ್ಕೆ 'ಮಾವಾ' ಎನ್ನುತ್ತಾರೆ. "ನಿಮ್ಮ ಗಿಡದಲ್ಲಿ ಮಾವಾ ಇದೆ" ಎಂದು ನಂತರ ಅಲ್ಲಿಯ ಹಿರಿಯರು ಹೇಳಿದಾಗ ಜೊತೆಗಿದ್ದ ನಮ್ಮವರು ತಮ್ಮ ಅಪ್ಪ ಯಾವಾಗ ಬಂದರೆಂದು ಕೇಳಿ ನಕ್ಕರು. ವಿದರ್ಭದ ಕಿತ್ತಳೆ ತೋಟದವರು ಇಂತಹದೇ ಮಸಿಗೆ 'ಕೋಳಶಿ' ಎನ್ನುತ್ತಾರೆಂದೂ, ಅಲ್ಲಿ ಅಂಟನ್ನು ಸುರಿಸುವುದು ಹೇನಲ್ಲ, ಕಪ್ಪು ನೊಣವೆಂದು ಕರೆಯುವ ಬೇರೊಂದು ಕೀಟವೆಂದೂ ಆ ಹಿರಿಯರಿಂದಲೇ ತಿಳಿಯಿತು.

ಹೇನು ಚುಚ್ಚಿ ಹೀರುವ ಗಿಡದ ರಸದಲ್ಲಿ ಸಕ್ಕರೆ ಬಹಳ, ಅದರ ಬೆಳವಣಿಗೆಗೆ ಬೇಕಾದ ಸಾರಜನಕದ ಅಂಶ ಕಡಿಮೆ. ಬೇಕಾದಷ್ಟನ್ನು ಪಡೆಯಲು ಅದು ಬಹಳ ರಸವನ್ನು ಹೀರಿ ಹೆಚ್ಚಾದ ಸಕ್ಕರೆಯನ್ನು ಹಿಂದಿನಿಂದ ಹನಿಹನಿಯಾಗಿ ಹೊರಹಾಕುತ್ತದೆ. ಆ ಹನಿ ಕೆಳಗಿನ ಎಲೆಯ ಮೇಲ್ಮೈಗೆ ಬೀಳುತ್ತದೆ. ಆದ್ದರಿಂದಲೇ ಹುಳು ಇರುವುದು ಒಂದು ಎಲೆಯ ಕೆಳಬದಿಯಲ್ಲಿ, ಮಸಿ ಕಾಣುವುದು ಅದರ ಕೆಳಗಿನ ಮತ್ತೊಂದು ಎಲೆಯ ಮೇಲ್ಬದಿಯಲ್ಲಿ. ಆ ಬಿಳಿ ಸಿಪ್ಪೆಗಳು ಹೇನುಗಳು ಬೆಳೆಯುತ್ತ ಕಳಚಿದ ಪೊರೆಗಳಾಗಿದ್ದವು.

ಇಷ್ಟೊಂದು ಎಳೆ ಚಿಗುರು ಬಂದದ್ದರಲ್ಲಿ ನನ್ನ ಪಾಲೂ ಇತ್ತು. ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ಶೇಂಗಾ ಹಿಂಡಿಯ ನೀರನ್ನು ಧಾರಾಳವಾಗಿ ಹಾಕಿದ್ದೆ.

ಅಂದು ಮಾಡಿದ್ದು ಎರಡು ಕೆಲಸ. ಪೂರ್ತಿ ಮುದುಡಿದ ಐದು ಚಿಗುರುಗಳನ್ನು ಕತ್ತರಿಯಿಂದ ಕತ್ತರಿಸಿ, ಬಾಲ್ಕನಿಯಲ್ಲಿ ಬೀಳಿಸದೆ ನೇರವಾಗಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದೆ. ಮುದುಡಿದ ಎಲೆಯೊಳಗೆ ಯಾವ ಸಿಂಪಡಣೆಯೂ ತಲುಪದಾದುದರಿಂದ ಅವುಗಳನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ. ನಂತರ ಕುಂಡದ ಮಣ್ಣನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಗಿಡವನ್ನು ಬಚ್ಚಲಿಗೆ ಒಯ್ದು, ಹೆಲ್ತ್ ಫಾಸೆಟ್ಟಿನಿಂದ ಎಲೆಗಳ ಹಿಂಬದಿಗೆ ನೀರು ಹಾಯಿಸಿದೆ. ಒಂದು ಕೈಯಿಂದ ಚಿಗುರನ್ನು ಹಿಂದಿನಿಂದ ಆಧರಿಸದಿದ್ದರೆ ಅದು ಮುರಿಯುತ್ತದೆ, ಒಂದು ಮುರಿಯಿತು. ಬಚ್ಚಲಿನ ನೆಲದಲ್ಲಿ ಹೇನುಗಳು ಎರಚಿದ ಸಾಸಿವೆಯಂತೆ ಕಂಡವು. ಹೀಗೆ ಕೊಚ್ಚಿಹೋದವು ಮತ್ತೆ ಗಿಡ ಹತ್ತಿ ಬರುವುದು ಅಪರೂಪ.

ಜನವರಿ 23: ಒಡೆದ ಸಾಬೂನು

ಉಳಿದ ಹೇನುಗಳಿಗಾಗಿ ಗಿಡಗಳಿಗೆಂದೇ ಮಾರುವ ಪೊಟ್ಯಾಸಿಯಂ ಸಾಬೂನಿನ 250 ಮಿಲಿ ಬಾಟಲಿಯನ್ನು ₹180ಕ್ಕೆ ತಂದೆ. ಮನೆಯಲ್ಲಿ ಪಾತ್ರೆ ತೊಳೆಯುವ ದ್ರವವಿತ್ತು, ಆದರೆ ಅದು ಜಿಡ್ಡು ತೆಗೆಯಲೆಂದೇ ಮಾಡಿದ ಡಿಟರ್ಜೆಂಟ್. ಎಲೆಯ ಮೇಲಿನ ಮೇಣದ ಪದರನ್ನೂ ಕಿತ್ತು ಎಲೆಯ ಅಂಚನ್ನು ಸುಡುತ್ತದೆ. ಎರಡು ವರ್ಷಗಳ ಹಿಂದೆ ಒಂದು ದಾಸವಾಳದ ಮೇಲೆ ಈ ಪಾಠವನ್ನು ಕಲಿತಿದ್ದೇನೆ.

ಬಾಟಲಿಯ ಮೇಲೆ ಬರೆದಿದ್ದಂತೆ ಲೀಟರಿಗೆ 10 ಮಿಲಿ ಸಾಬೂನನ್ನು ನಲ್ಲಿಯ ನೀರಿಗೆ ಬೆರೆಸಿ ಸಂಜೆ ಸಿಂಪಡಿಸಿದೆ. ಬೆಳಿಗ್ಗೆ ಹೇನುಗಳು ಆರಾಮವಾಗಿದ್ದವು ಮತ್ತು ಎಲೆಗಳ ಮೇಲೆ ಸುಣ್ಣದಂತಹ ಬಿಳಿ ಪದರವಿತ್ತು. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ನೋಡಿದಾಗ ಒಡೆದ ಹಾಲಿನ ಹಾಗೆ ಮೇಲೆ ಬಿಳಿಯ ಗರಣೆಗಳು ತೇಲುತ್ತಿದ್ದವು. ಆ ವಾರ ನಮ್ಮ ಸೊಸೈಟಿಯ ತೊಟ್ಟಿಗೆ ಬೋರ್‌ವೆಲ್ಲಿನ ಟ್ಯಾಂಕರ್ ನೀರು ತುಂಬಿಸಿದ್ದರು. ಗಡಸು ನೀರಿನಲ್ಲಿರುವ ಸುಣ್ಣದ ಅಂಶವು ಸಾಬೂನಿನೊಡನೆ ಸೇರಿ ಅದನ್ನು ಗರಣೆಯಾಗಿಸುತ್ತದೆ. ಹೇನನ್ನು ಕೊಲ್ಲಬೇಕಾದ ಸಾಬೂನು ಆಗ ನೀರಿನಲ್ಲಿ ಉಳಿದೇ ಇರುವುದಿಲ್ಲ.

ಇದನ್ನು ಮೊದಲೇ ಕಂಡುಕೊಳ್ಳುವುದು ಸುಲಭ. ಒಂದು ಚಿಕ್ಕ ಬಾಟಲಿಯಲ್ಲಿ ಅರ್ಧದಷ್ಟು ನೀರು ತುಂಬಿ ನಾಲ್ಕು ಹನಿ ಸಾಬೂನು ಹಾಕಿ ಚೆನ್ನಾಗಿ ಅಲುಗಾಡಿಸಬೇಕು. ನೊರೆ ಎದ್ದು ನಿಂತರೆ ಆ ನೀರು ಸರಿ. ನೊರೆಯಿಲ್ಲದೆ ಬಿಳಿ ಕೆನೆ ಕಟ್ಟಿದರೆ ಬೇರೆ ನೀರು ಬೇಕು. ನಾನು ಕುಡಿಯುವ ನೀರಿನ ಆರ್‌ಓ ಫಿಲ್ಟರಿನ ನೀರನ್ನು ಬಳಸಿದೆ. ಒಂದು ಸಲಕ್ಕೆ ಒಂದೂವರೆ ಲೀಟರು ಸಾಕಾಯಿತು.

ಜನವರಿ 24ರಿಂದ ಫೆಬ್ರವರಿ 4: ಸಿಂಪಡಣೆ ಮತ್ತು ಇರುವೆಗಳು

ಜನವರಿ 24ರ ಸಂಜೆ ಆರು ಗಂಟೆಗೆ ಫಿಲ್ಟರ್ ನೀರಿನ ದ್ರಾವಣವನ್ನು ಸಿಂಪಡಿಸಿದೆ. ಮೊದಲು ಮೂರು ಎಲೆಗಳಿಗೆ ಮಾತ್ರ ಹೊಡೆದು ಎರಡು ದಿನ ಕಾಯುವುದು ಸರಿಯಾದ ಕ್ರಮ. ಹಿಂದಿನ ದಿನದ ಒಡೆದ ದ್ರಾವಣದಿಂದ ಎಲೆಗೆ ಏನೂ ಆಗಿರಲಿಲ್ಲವೆಂಬ ಧೈರ್ಯದಿಂದ ಅದನ್ನು ಬಿಟ್ಟೆ, ಅದೃಷ್ಟವಶಾತ್ ಏನೂ ಆಗಲಿಲ್ಲ. ಸಾಬೂನು ಒದ್ದೆಯಾಗಿ ಹೇನಿನ ಮೈಗೆ ತಾಗಿದರೆ ಮಾತ್ರ ಕೆಲಸ ಮಾಡುತ್ತದೆ, ಒಣಗಿದ ಮೇಲೆ ಅದಕ್ಕೆ ಯಾವ ಶಕ್ತಿಯೂ ಇಲ್ಲ. ಬಿಸಿಲಿನಲ್ಲಿ ಬೇಗ ಒಣಗುತ್ತದೆ ಮತ್ತು ಎಲೆಯನ್ನೂ ಸುಡುತ್ತದೆಯಾದುದರಿಂದ ಸಂಜೆಯ ಹೊತ್ತು ಒಳ್ಳೆಯದು. ಎಲೆಗಳ ಹಿಂಬದಿ ಪೂರ್ತಿ ತೊಯ್ದು ನೀರು ಇಳಿಯುವವರೆಗೆ ಸಿಂಪಡಿಸಿ, ಮರುದಿನ ಬೆಳಿಗ್ಗೆ ಬರಿಯ ನೀರಿನಿಂದ ತೊಳೆದೆ.

ಒಂದೇ ಸಲಕ್ಕೆ ಇದು ಮುಗಿಯುವುದಿಲ್ಲ. ಹೆಣ್ಣು ಹೇನು ಗಂಡಿನ ಹಂಗಿಲ್ಲದೆ, ಮೊಟ್ಟೆಯಿಡದೆ, ಮರಿಗಳನ್ನೇ ಹಾಕುತ್ತದೆ. ಆ ಮರಿಗಳು ಒಂದು ವಾರ ಹತ್ತು ದಿನಗಳಲ್ಲಿ ತಾವೂ ಮರಿ ಹಾಕಲು ತೊಡಗುತ್ತವೆ. ತಪ್ಪಿಸಿಕೊಂಡ ಹತ್ತು ಹೇನುಗಳು ಮತ್ತೆ ನೂರಾಗುವ ಮೊದಲೇ ಮುಂದಿನ ಸಿಂಪಡಣೆ ಆಗಬೇಕೆಂದು ಐದು ದಿನಕ್ಕೊಮ್ಮೆ, ಅಂದರೆ 24, 29 ಮತ್ತು ಫೆಬ್ರವರಿ 3ರಂದು ಸಿಂಪಡಿಸಿದೆ.

ಆದರೂ ಜನವರಿ 28ರ ತಾಟಿನಲ್ಲಿ ಚುಕ್ಕೆಗಳು ಬಹಳವಾಗಿದ್ದವು. ಕಾರಣ ಇರುವೆಗಳು. ಕಾಂಡದ ಮೇಲೆ ಕಪ್ಪಿರುವೆಗಳ ಸಾಲು ನಡೆದಿತ್ತು. ಅವು ಹೇನುಗಳ ಅಂಟಿಗಾಗಿ ಬರುತ್ತವೆ, ಮತ್ತು ಆ ಆದಾಯವನ್ನು ಕಾಯ್ದುಕೊಳ್ಳಲು ಹೇನುಗಳನ್ನು ತಿನ್ನುವ ಕೀಟಗಳನ್ನು ಓಡಿಸುತ್ತವೆ. ಕಾಂಡದ ಸುತ್ತ, ಮಣ್ಣಿನಿಂದ ಆರು ಇಂಚು ಮೇಲೆ, ಎರಡಿಂಚು ಅಗಲದ ಟೇಪು ಸುತ್ತಿ ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪನಾಗಿ ಸವರಿದೆ. ಜೆಲ್ಲಿಯನ್ನು ತೊಗಟೆಗೆ ನೇರವಾಗಿ ಹಚ್ಚಬಾರದು, ತೊಗಟೆಗೆ ಪೆಟ್ಟು. ಟೇಪಿಗೆ ₹30 ಆಯಿತು, ಜೆಲ್ಲಿ ಮನೆಯಲ್ಲಿತ್ತು.

ಎರಡು ದಿನ ಕಳೆದರೂ ಚಿಗುರಿನಲ್ಲಿ ಇರುವೆಗಳಿದ್ದವು. ಟೇಪಿನ ಮೇಲೆ ಒಂದೂ ಸಿಕ್ಕಿಬಿದ್ದಿರಲಿಲ್ಲ. ಅರ್ಧ ಗಂಟೆ ಕುರ್ಚಿ ಹಾಕಿಕೊಂಡು ಕುಳಿತು ನೋಡಿದಾಗ ಗೊತ್ತಾಯಿತು: ನಿಂಬೆಯ ಒಂದು ರೆಂಬೆ ಬಾಲ್ಕನಿಯ ಗ್ರಿಲ್ಲಿಗೆ ತಾಗಿತ್ತು, ಅವು ಗ್ರಿಲ್ಲಿನ ಮೇಲಿಂದ ಆ ಒಂದು ಎಲೆಯನ್ನೇ ಸೇತುವೆ ಮಾಡಿಕೊಂಡು ಬರುತ್ತಿದ್ದವು. ರೆಂಬೆಯನ್ನು ಕತ್ತರಿಸಿ ಕುಂಡವನ್ನು ನಾಲ್ಕು ಇಂಚು ಒಳಕ್ಕೆ ಎಳೆದ ಮೇಲೆ ಸಾಲು ನಿಂತಿತು.

ಫೆಬ್ರವರಿ 1ರಂದು ಒಂದು ಚಿಗುರಿನ ಮೇಲೆ ಉದ್ದನೆಯ, ಮುಳ್ಳುಮುಳ್ಳಾದ, ಕಪ್ಪು ಮೈಯ ಮೇಲೆ ಕಿತ್ತಳೆ ಚುಕ್ಕೆಗಳಿದ್ದ ಮೂರು ಹುಳುಗಳು ಕಂಡವು. ಚಿಕ್ಕ ಮೊಸಳೆಯ ಆಕಾರ. ಇದೇನು ಹೊಸ ಕಾಟವೆಂದು ಚಿವುಟಿ ಹಾಕಲು ಕೈ ಚಾಚಿದ್ದೆ. ಅಷ್ಟರಲ್ಲಿ ಅವುಗಳಲ್ಲೊಂದು ಹೇನನ್ನು ಕಚ್ಚಿ ಹಿಡಿದದ್ದು ಕಂಡಿತು. ಅವು ಗುಲಗಂಜಿ ಹುಳುವಿನ ಮರಿಗಳು. ಇರುವೆಗಳು ನಿಂತ ಮೇಲೆ ಬಂದವು. ಸಾಬೂನಿಗೆ ಇವುಗಳ ಮೆತ್ತನೆಯ ಮೈಯೂ ತಾಳದಾದುದರಿಂದ ಫೆಬ್ರವರಿ 3ರ ಸಿಂಪಡಣೆಯಲ್ಲಿ ಆ ಕೊಂಬೆಯನ್ನು ಬಿಟ್ಟು ಉಳಿದವಕ್ಕೆ ಮಾತ್ರ ಹೊಡೆದೆ. ನಾಲ್ಕನೆಯ ಸಿಂಪಡಣೆ ಬೇಕಾಗಲಿಲ್ಲ.

ಫೆಬ್ರವರಿ 7, 8, 9

ಮೂರು ರಾತ್ರಿಯೂ ತಾಟು ಒಣಗಿತ್ತು. ಇಲ್ಲಿಯವರೆಗೆ ಎಲೆಯ ಮೇಲಿನ ಮಸಿಯನ್ನು ನಾನು ಮುಟ್ಟಿರಲಿಲ್ಲ. ಅಂಟು ಬೀಳುತ್ತಿರುವಾಗ ಒರೆಸಿದ್ದರೆ ಅದು ಮತ್ತೆ ಬರುತ್ತಿತ್ತು, ಮತ್ತು ಪ್ರತಿ ಸಲ ಒರೆಸುವುದರಿಂದ ಎಲೆಗೆ ಗೀರು ಬೀಳುವುದು ಮಾತ್ರ ಹೆಚ್ಚುತ್ತಿತ್ತು.

ಫೆಬ್ರವರಿ 10: ನಿಂಬೆಯ ಎಲೆಗಳನ್ನು ಒರೆಸಿದ್ದು

ಇಲ್ಲಿ ತಿಳಿದಿರಬೇಕಾದ ಸಂಗತಿಯೆಂದರೆ, ಬೂಷ್ಟನ್ನು ಎಲೆಗೆ ಹಿಡಿದಿಟ್ಟಿರುವುದು ಒಣಗಿದ ಸಕ್ಕರೆ. ಸಕ್ಕರೆ ಕರಗಿದರೆ ಬೂಷ್ಟು ತಾನಾಗಿ ಸಡಿಲವಾಗುತ್ತದೆ. ಆದ್ದರಿಂದ ಕೆಲಸ ನೆನೆಸುವುದರದ್ದು, ಉಜ್ಜುವುದರದ್ದಲ್ಲ. ನಾನು ಮೊದಲ ಎರಡು ಎಲೆಗಳನ್ನು ಅವಸರದಲ್ಲಿ ಪಾತ್ರೆ ಉಜ್ಜುವ ಸ್ಪಂಜಿನ ಹಸಿರು ಬದಿಯಿಂದ ಉಜ್ಜಿದೆ. ಕಪ್ಪು ಕ್ಷಣದಲ್ಲಿ ಹೋಯಿತು, ಎಲೆ ಹೊಳೆಯಿತು, ಮೂರನೆಯ ದಿನ ಉಜ್ಜಿದ ಗೆರೆಗಳೆಲ್ಲ ಕಂದುಬಣ್ಣಕ್ಕೆ ತಿರುಗಿದವು.

ಉಳಿದವನ್ನು ಹೀಗೆ ಮಾಡಿದೆ. ಬೆಳಿಗ್ಗೆ ಬಿಸಿಲು ಬಲಿಯುವ ಮೊದಲು, ಉಗುರುಬೆಚ್ಚಗಿನ ಫಿಲ್ಟರ್ ನೀರಿಗೆ ಲೀಟರಿಗೆ 5 ಮಿಲಿ, ಅಂದರೆ ಸಿಂಪಡಣೆಯ ಅರ್ಧದಷ್ಟು ಸಾಬೂನು ಬೆರೆಸಿ, ಮಸಿ ಹಿಡಿದ ಎಲೆಗಳ ಮೇಲ್ಮೈಗೆ ಸಣ್ಣಗೆ ಚಿಮುಕಿಸಿದೆ. ಹದಿನೈದು ನಿಮಿಷ ಎಲೆ ಒಣಗದಂತೆ ಮಧ್ಯೆ ಎರಡು ಸಲ ಮತ್ತೆ ಚಿಮುಕಿಸಿದೆ. ನಂತರ ಎಡ ಅಂಗೈಯನ್ನು ಎಲೆಯ ಕೆಳಗೆ ಆಸರೆಯಾಗಿಟ್ಟು, ಹಳೆಯ ಮೆತ್ತನೆಯ ಪಂಚೆಯ ತುಂಡಿನಿಂದ ತೊಟ್ಟಿನಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ, ಒತ್ತದೆ, ಎಳೆದೆ. ಒಂದು ಸಲಕ್ಕೆ ಬಾರದಿದ್ದರೆ ಹೆಚ್ಚು ಒತ್ತುವ ಬದಲು ಇನ್ನೊಮ್ಮೆ ನೆನೆಸಿದೆ. ಬಟ್ಟೆಯನ್ನು ಪ್ರತಿ ನಾಲ್ಕೈದು ಎಲೆಗೆ ಅಲುಬದಿದ್ದರೆ ಕಪ್ಪು ನೀರು ಒಂದು ಎಲೆಯಿಂದ ಇನ್ನೊಂದಕ್ಕೆ ಬಳಿದುಕೊಳ್ಳುತ್ತದೆ. ಕೊನೆಗೆ ಇಡೀ ಗಿಡಕ್ಕೆ ಬರಿಯ ನೀರು ಹಾಯಿಸಿದೆ. 46 ಎಲೆಗಳಿಗೆ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ತುದಿಯ ಎಳೆಯ ಎಲೆಗಳನ್ನು ಒರೆಸಲಿಲ್ಲ. ಅವುಗಳ ಮೇಲೆ ಮಸಿಯೂ ಇರಲಿಲ್ಲ.

ಫೆಬ್ರವರಿ 11ರಿಂದ 16: ಕರಿಬೇವು ಮತ್ತು ಮೈದಾ ಗಂಜಿ

ಕರಿಬೇವನ್ನು ಹಾಗೆ ಒರೆಸಲು ಸಾಧ್ಯವಿಲ್ಲ. ಒಂದು ಗರಿಯಲ್ಲಿ ಹದಿನೈದು ಇಪ್ಪತ್ತು ಎಸಳುಗಳು, ಅಂತಹ ಐವತ್ತಕ್ಕೂ ಹೆಚ್ಚು ಗರಿಗಳು. ಎಂಟು ಗರಿಗಳನ್ನು ಒರೆಸುವಷ್ಟರಲ್ಲಿ ಬೆನ್ನು ನೊಂದಿತು, ಹಲವು ಎಸಳುಗಳು ಬುಡದಿಂದ ಕಿತ್ತು ಬಂದವು. ಮತ್ತೆ ಕಾಕಾಗೆ ಫೋನು ಮಾಡಿದೆ.

"ಮಾವಿನ ಗಿಡ ಯಾರರ ಒರಸತಾರೇನವ್ವಾ?" ಎಂದು ನಕ್ಕರು. ಮಾವಿಗೆ ಜಿಗಿಹುಳು ಬಿದ್ದು ಎಲೆ ಮಸಿಯಾದಾಗ ತೋಟದವರು ಮೈದಾ ಗಂಜಿಯನ್ನು ಸಿಂಪಡಿಸುತ್ತಾರೆ. ಒಂದು ಕಿಲೋ ಮೈದಾವನ್ನು ಐದು ಲೀಟರು ನೀರಿನಲ್ಲಿ ಕುದಿಸಿ, ಅದಕ್ಕೆ ನೀರು ಸೇರಿಸಿ ಇಪ್ಪತ್ತು ಲೀಟರು ಮಾಡಬೇಕು. ಎಲೆಯ ಮೇಲೆ ಅದು ಬಿಸಿಲಿಗೆ ಒಣಗಿ ಹಪ್ಪಳದಂತೆ ಬಿರಿದು ಏಳುವಾಗ ಮಸಿಯನ್ನೂ ಜೊತೆಗೆ ಎತ್ತಿಕೊಂಡು ಉದುರುತ್ತದೆ. ಲೀಟರಿಗೆ 50 ಗ್ರಾಂ ಎಂಬ ಲೆಕ್ಕ ಬಂತು.

ಫೆಬ್ರವರಿ 12ರ ಮೊದಲ ಪ್ರಯತ್ನ ಕೆಟ್ಟಿತು. ಗಟ್ಟಿಯಿದ್ದಷ್ಟೂ ಒಳ್ಳೆಯದೆಂದು ಅರ್ಧ ಲೀಟರಿಗೆ 60 ಗ್ರಾಂ ಮೈದಾ ಹಾಕಿ ಅಂಬಲಿಯಂತೆ ಮಾಡಿದೆ. ಹಿಟ್ಟನ್ನು ನೇರವಾಗಿ ಬಿಸಿನೀರಿಗೆ ಸುರಿದುದರಿಂದ ಗಂಟುಗಳಾದವು, ಹೊಸ ಸ್ಪ್ರೇ ಬಾಟಲಿಯ (₹150) ಮೂತಿ ಎರಡೇ ನಿಮಿಷಗಳಲ್ಲಿ ಕಟ್ಟಿತು. ಬ್ರಶ್ಶಿನಿಂದ ಬಳಿದೆ. ಅದಕ್ಕಿಂತ ದೊಡ್ಡ ತಪ್ಪು ಹೊತ್ತಿನದು: ಸಾಬೂನಿನ ಅಭ್ಯಾಸದಂತೆ ಸಂಜೆ ಬಳಿದೆ. ಫೆಬ್ರವರಿಯ ಪುಣೆಯ ರಾತ್ರಿ ತಣ್ಣಗಿರುತ್ತದೆ, ಗಂಜಿ ಬೆಳಗಿನವರೆಗೂ ಒದ್ದೆಯಾಗಿಯೇ ಇತ್ತು. ಏಳು ಗಂಟೆಗೆ ನೋಡಿದರೆ ಕರಿಬೇವಿನ ಮೇಲೆ ಹೊಸ ಇರುವೆ ಸಾಲು. ಹಾಗೆಯೇ ಬಿಟ್ಟಿದ್ದರೆ ಗಂಜಿಯ ಮೇಲೆಯೇ ಇನ್ನೊಂದು ಬೂಷ್ಟು ಬರುತ್ತಿತ್ತು. ಎಲ್ಲವನ್ನೂ ತೊಳೆದು ಹಾಕಿದೆ.

ಎರಡನೆಯದನ್ನು ಫೆಬ್ರವರಿ 15ರ ಬೆಳಿಗ್ಗೆ ಎಂಟು ಗಂಟೆಗೆ ಮಾಡಿದೆ. 25 ಗ್ರಾಂ ಮೈದಾವನ್ನು ಮೊದಲು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಅದನ್ನು ಕುದಿಯುವ ನೀರಿಗೆ ಕೈಯಾಡಿಸುತ್ತ ಸುರಿದು, ಬಿಳುಪು ಹೋಗಿ ಅರೆಪಾರದರ್ಶಕವಾಗುವವರೆಗೆ ನಾಲ್ಕೈದು ನಿಮಿಷ ಕುದಿಸಿದೆ. ಹಸಿಯಾಗಿ ಉಳಿದ ಹಿಟ್ಟು ಪದರಾಗಿ ಏಳದೆ ಬರಿಯ ಪುಡಿಯಾಗುತ್ತದೆ. ಒಟ್ಟು ಅರ್ಧ ಲೀಟರಿಗೆ ತಂದು, ಪೂರ್ತಿ ಆರಿಸಿ, ತೆಳು ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿದೆ. ಈ ಸಲ ಮೂತಿ ಕಟ್ಟಲಿಲ್ಲ. ಎಲೆಗಳ ಮೇಲ್ಮೈಗೆ ಮಾತ್ರ, ಒಂದೇ ತೆಳು ಪದರು ಬರುವಂತೆ ಸಿಂಪಡಿಸಿದೆ. ಮಸಿ ಇರುವುದು ಅಲ್ಲಿಯೇ, ಎಲೆಯ ಹಿಂಬದಿಯನ್ನು ಗಂಜಿಯಿಂದ ಮುಚ್ಚುವುದರಿಂದ ಲಾಭವಿಲ್ಲ.

ಹನ್ನೊಂದು ಗಂಟೆಗೆ ಪದರು ಒಣಗಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಎಸಳುಗಳ ಅಂಚಿನಲ್ಲಿ ಅದು ಬಿರಿದು ಎದ್ದಿತು. ಗರಿಯನ್ನು ಬೆರಳಿನಿಂದ ಮೆಲ್ಲಗೆ ಮೀಟಿದರೆ ಕೆಳಬದಿ ಕಪ್ಪಾಗಿದ್ದ ಬಿಳಿಯ ಹಾಳೆಗಳು ಉದುರಿದವು. ಗಾಳಿಗೆ ಇನ್ನಷ್ಟು ಬಿದ್ದವು. ಕುಂಡದ ಮೇಲೆ ಹಾಸಿದ್ದ ಹಳೆಯ ಪತ್ರಿಕೆಯಲ್ಲಿ ಅವನ್ನೆಲ್ಲ ಸುತ್ತಿ ಎಸೆದೆ. ಮರುದಿನ ಬೆಳಿಗ್ಗೆ ಉಳಿದ ಗಂಜಿಯನ್ನು ಧಾರಾಳವಾದ ನೀರಿನಿಂದ ತೊಳೆದೆ, ಇದನ್ನು ಬಿಡುವಂತಿಲ್ಲ.

ಸುಮಾರು ಮುಕ್ಕಾಲು ಪಾಲು ಮಸಿ ಒಂದೇ ಸಲಕ್ಕೆ ಹೋಯಿತು. ಹೋಗದೆ ಉಳಿದದ್ದು ನಡುನರದ ಗೀರಿನಲ್ಲಿ ಮತ್ತು ತಾಮ್ರದ ನೀಲಿ ಕಲೆಯ ಅಡಿಯಲ್ಲಿ. ಎರಡನೆಯ ಸಲ ಗಂಜಿ ಹಾಕಲಿಲ್ಲ, ಏಕೆಂದರೆ ಆ ಹಳೆಯ ಎಲೆಗಳನ್ನು ನಾನು ಹೇಗೂ ಅಡುಗೆಗೆ ಬಳಸುತ್ತಿರಲಿಲ್ಲ. ಗಿಡಕ್ಕೆ ಬೆಳಕು ಸಿಕ್ಕರೆ ಸಾಕಿತ್ತು.

ಮಾರ್ಚ್ 2

ಬಹಳ ದಿನ ಮಸಿಯ ಅಡಿಯಲ್ಲಿದ್ದ ಕರಿಬೇವಿನ ಹನ್ನೊಂದು ಗರಿಗಳು ಹಳದಿಯಾಗಿ ಉದುರಿವೆ. ತುದಿಗಳಲ್ಲಿ ಹೊಸ ಗರಿಗಳು ಬಂದು ಅಂಗೈಯುದ್ದ ಆಗಿವೆ, ಅವುಗಳ ಮೇಲೆ ಮಸಿಯಿಲ್ಲ. ಇಂದು ಮೊದಲ ಸಲ ಎರಡು ಗರಿ ಕಿತ್ತು ತೊಳೆದು ಸಾರಿಗೆ ಹಾಕಿದೆ. ನಿಂಬೆಯ 46 ಎಲೆಗಳಲ್ಲಿ ಸ್ಪಂಜಿನಿಂದ ಉಜ್ಜಿದ ಎರಡು ಮಾತ್ರ ಹಾಳಾದವು. ಒಟ್ಟು ಖರ್ಚು ₹570 ಮತ್ತು ಒಂದು ಹಿಡಿ ಮೈದಾ, ಅದರಲ್ಲಿ ₹210 ದಂಡ. ಕರಿಬೇವನ್ನು ನಿಂಬೆಯ ಕೆಳಗಿನಿಂದ ತೆಗೆದು ಬಾಲ್ಕನಿಯ ಹೊರ ಅಂಚಿಗೆ ಇಟ್ಟಿದ್ದೇನೆ.

ಮಾರ್ಚ್ 6

ತಾಟನ್ನು ಈಗ ವಾರಕ್ಕೊಮ್ಮೆ ಇಡುತ್ತೇನೆ. ನಿನ್ನೆ ರಾತ್ರಿ ನಿಂಬೆಯ ಕೆಳಗೆ ಒಂದು, ಹೊರ ಅಂಚಿನ ಕರಿಬೇವಿನ ಪಕ್ಕದಲ್ಲಿ ಇನ್ನೊಂದು ಇಟ್ಟಿದ್ದೆ. ನಿಂಬೆಯ ಕೆಳಗಿನದು ಒಣಗಿದೆ. ಹೊರ ಅಂಚಿನದರಲ್ಲಿ ಹನ್ನೆರಡು ಅಂಟು ಚುಕ್ಕೆಗಳಿವೆ. ಕರಿಬೇವಿನ ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ, ಯಾವ ಹುಳುವೂ ಇಲ್ಲ. ಆಮೇಲೆ ಗ್ರಿಲ್ಲಿಗೆ ಮುಖವೊತ್ತಿ ಮೇಲೆ ನೋಡಿದಾಗ ಐದನೆಯ ಮಹಡಿಯವರ ದಾಸವಾಳದ ಒಂದು ಕೊಂಬೆ ಹೊರಕ್ಕೆ ಬಾಗಿರುವುದು ಕಂಡಿತು. ಅದರ ಮೊಗ್ಗುಗಳ ಬುಡದಲ್ಲಿ ಹತ್ತಿಯಂತೆ ಬಿಳಿಯಾಗಿ ಏನೋ ಇದೆ. ಸಂಜೆ ತಾಟನ್ನು ಹಿಡಿದುಕೊಂಡೇ ಮೇಲೆ ಹೋಗುತ್ತೇನೆ, ಜೊತೆಗೆ ಬಾಟಲಿಯಲ್ಲಿ ಉಳಿದ ಸಾಬೂನು.